ವಿ.ಆರ್.ಎಸ್. ಒಪ್ಪಿಕೊಳ್ಳುವ ಮುನ್ನ ಲೆಕ್ಕವನ್ನು ಬರಹದಲ್ಲಿ ಕೇಳಿ: ಪತ್ರ ಬರೆಯುವುದರಿಂದ ಚೆಕ್ ಕೈಗೆ ಬರುವವರೆಗೆ

ನಮ್ಮ ಬೀದಿಯಲ್ಲಿ ಒಬ್ಬರಿದ್ದಾರೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕಳೆದ ಡಿಸೆಂಬರ್‌ನಲ್ಲಿ ಒಂದು ಸಂಜೆ ಮನೆಗೆ ಬಂದು ಅಂಗಿ ಜೇಬಿನಿಂದ ಒಂದು ಗೇಟ್‌ಪಾಸ್ ಚೀಟಿ ತೆಗೆದರು. ಅದರ ಹಿಂಬದಿಯಲ್ಲಿ ನೀಲಿ ಪೆನ್ನಿನಲ್ಲಿ ದಪ್ಪಗೆ "16.5" ಅಂತ ಬರೆದಿತ್ತು. ಪರ್ಸನಲ್ ಆಫೀಸಿನಲ್ಲಿ ಬರೆದುಕೊಟ್ಟದ್ದಂತೆ.

"ಸರ್, ಹದಿನಾರೂವರೆ ಲಕ್ಷ ಕೊಡ್ತಾರಂತೆ. ಅದರ ಮೇಲೆ ಗ್ರಾಚ್ಯುಟಿ ಬೇರೆ ಬರುತ್ತಲ್ವಾ?"

"ಬೇರೆ ಅಂತ ಯಾರು ಹೇಳಿದ್ರು ಅಣ್ಣ?"

ಯಾರೂ ಹೇಳಿರಲಿಲ್ಲ. ಗ್ರಾಚ್ಯುಟಿ ಸೇರಿದೆ ಅಂತಲೂ ಯಾರೂ ಹೇಳಿರಲಿಲ್ಲ. ನಾನು ಇಪ್ಪತ್ತು ವರ್ಷ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಇದ್ದವನು. ವಿ.ಆರ್.ಎಸ್., ಅಂದರೆ ಸ್ವಯಂ ನಿವೃತ್ತಿ ಯೋಜನೆ, ತೆಗೆದುಕೊಂಡವರ ಜಗಳದಲ್ಲಿ ಮುಕ್ಕಾಲು ಪಾಲು ಇಂಥ ಚೀಟಿಯಿಂದಲೇ ಹುಟ್ಟುತ್ತದೆ. ಕಂಪನಿ ಸುಳ್ಳು ಹೇಳಿರುವುದಿಲ್ಲ, ನೌಕರನೂ ತಪ್ಪು ಕೇಳಿಸಿಕೊಂಡಿರುವುದಿಲ್ಲ. ಒಂದೇ ಅಂಕಿಗೆ ಇಬ್ಬರ ತಲೆಯಲ್ಲಿ ಎರಡು ಅರ್ಥ ಇರುತ್ತದೆ, ಅಷ್ಟೆ. ಅವರಿಗೆ ಮಾಡಿಕೊಟ್ಟ ಲೆಕ್ಕ ಮತ್ತು ಬರೆದುಕೊಟ್ಟ ಪತ್ರವನ್ನೇ ಇಲ್ಲಿ ಹಂತಹಂತವಾಗಿ ಹೇಳುತ್ತೇನೆ. ಇದು ಖಾಸಗಿ ಕಾರ್ಖಾನೆ, ಕಂಪನಿಗಳ ನೌಕರರಿಗೆ. ಸರ್ಕಾರಿ ನೌಕರರ ಸ್ವಯಂ ನಿವೃತ್ತಿಯ ದಾರಿಯೇ ಬೇರೆ.

ಮೊದಲು ಸುತ್ತೋಲೆ ಕೈಗೆ ಬರಲಿ

ನೋಟಿಸ್ ಬೋರ್ಡಿನಲ್ಲಿ ಓದಿದ್ದು ಸಾಲದು. ವಿ.ಆರ್.ಎಸ್. ಸುತ್ತೋಲೆಯ ಪೂರ್ತಿ ಪ್ರತಿ ಬೇಕು. ಕೊಡದಿದ್ದರೆ ಎಲ್ಲ ಪುಟಗಳ ಫೋಟೊ ತೆಗೆದುಕೊಳ್ಳಿ. ಸಂಖ್ಯೆ ಮತ್ತು ದಿನಾಂಕ ಕಾಣುವಂತಿರಲಿ.

ಇದಕ್ಕೆ ಕಾರಣವಿದೆ. ಕಂಪನಿ ನಿಮ್ಮನ್ನು ಕೆಲಸದಿಂದ ತೆಗೆದರೆ ಕಾನೂನು ಒಂದು ಕನಿಷ್ಠ ಪರಿಹಾರ ಗೊತ್ತುಮಾಡಿದೆ. ವಿ.ಆರ್.ಎಸ್.ಗೆ ಹಾಗಿಲ್ಲ. ಸ್ವಇಚ್ಛೆಯಿಂದ ನಿವೃತ್ತಿಯಾಗುವುದು ಕಾನೂನಿನ ಕಣ್ಣಿಗೆ ರಿಟ್ರೆಂಚ್‌ಮೆಂಟ್ ಅಲ್ಲ. ಆದ್ದರಿಂದ ವಿ.ಆರ್.ಎಸ್. ಪರಿಹಾರದ ಹಣ, ಅಂದರೆ ಎಕ್ಸ್‌ಗ್ರೇಷಿಯಾ, ಎಷ್ಟು ಎಂಬುದಕ್ಕೆ ಆ ಸುತ್ತೋಲೆಯೇ ಆಧಾರ. ಅದರಲ್ಲಿ ಇರುವ ಒಂದೊಂದು ಪದಕ್ಕೂ ಬೆಲೆಯಿದೆ. ಗ್ರಾಚ್ಯುಟಿ, ಪಿ.ಎಫ್. ಮಾತ್ರ ಸುತ್ತೋಲೆ ಇರಲಿ ಬಿಡಲಿ ನಿಮ್ಮವೇ.

ಸುತ್ತೋಲೆಯಲ್ಲಿ ಮೂರು ಪದಗಳ ಕೆಳಗೆ ಗೆರೆ ಎಳೆಯಿರಿ: "ಸಂಬಳ", "ದಿನ", "ಪೂರ್ಣಗೊಂಡ ವರ್ಷ". ಸಂಬಳ ಅಂದರೆ ಬೇಸಿಕ್ ಮಾತ್ರವೇ, ಬೇಸಿಕ್ ಜೊತೆ ಡಿ.ಎ.ಯೇ, ಅಥವಾ ಕೈಗೆ ಬರುವ ಎಲ್ಲ ಭತ್ಯೆಯೂ ಸೇರಿಯೇ? ಒಂದು ದಿನದ ಸಂಬಳ ತೆಗೆಯಲು 30ರಿಂದ ಭಾಗಿಸುತ್ತಾರೋ 26ರಿಂದಲೋ? 24 ವರ್ಷ 7 ತಿಂಗಳು ದುಡಿದಿದ್ದರೆ ಅದು 24ರ ಲೆಕ್ಕವೋ 25ರದ್ದೋ?

ಯಾವ ಸಂಬಳ ಹಿಡಿಯುತ್ತಾರೆ ಎಂಬುದು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದಾಗ, ನೌಕರರ ವಿ.ಆರ್.ಎಸ್. ಲೆಕ್ಕಕ್ಕೆ 2007ರ ವೇತನ ಶ್ರೇಣಿಯನ್ನು ಕಾಲ್ಪನಿಕವಾಗಿ ಹಿಡಿಯಬೇಕು ಅಂತ ತೀರ್ಮಾನದಲ್ಲೇ ಸೇರಿಸಿದ್ದರು.

ನಿಮ್ಮ ಲೆಕ್ಕ ನೀವೇ ಮಾಡಿ

ಕಂಪನಿಯನ್ನು ಕೇಳುವ ಮುನ್ನ ನಿಮ್ಮ ಕೈಯಲ್ಲಿ ಒಂದು ಲೆಕ್ಕ ಇರಬೇಕು. ಇಲ್ಲದಿದ್ದರೆ ಅವರು ಕೊಟ್ಟ ಅಂಕಿ ಸರಿಯೋ ತಪ್ಪೋ ತಿಳಿಯುವುದು ಹೇಗೆ?

ನಮ್ಮ ಫಿಟ್ಟರ್ ಅಣ್ಣನ ವಿವರ ಹೀಗಿತ್ತು. ಬೇಸಿಕ್ 22,000, ಡಿ.ಎ. 9,200, ಎರಡೂ ಸೇರಿ 31,200. ಮನೆ ಬಾಡಿಗೆ ಭತ್ಯೆ ಇತ್ಯಾದಿ 15,600. ಒಟ್ಟು 46,800. ಸೇರಿದ್ದು 2001ರ ಜೂನ್ 12. ಬಿಡುಗಡೆ 2026ರ ಜನವರಿ 31. ವಯಸ್ಸು 53, ಅವರ ಕಾರ್ಖಾನೆಯಲ್ಲಿ ನಿವೃತ್ತಿ 58ಕ್ಕೆ, ಅಂದರೆ ಇನ್ನೂ 60 ತಿಂಗಳ ಕೆಲಸ ಉಳಿದಿತ್ತು. ಸುತ್ತೋಲೆ ಪ್ರಕಾರ ಪೂರ್ಣಗೊಂಡ ಪ್ರತಿ ವರ್ಷಕ್ಕೆ 45 ದಿನದ ಸಂಬಳ, ಅಥವಾ ಉಳಿದ ತಿಂಗಳುಗಳ ಸಂಬಳ, ಯಾವುದು ಕಡಿಮೆಯೋ ಅದು.

ಗ್ರಾಚ್ಯುಟಿಯಿಂದ ಶುರುಮಾಡೋಣ, ಅದರ ಸೂತ್ರ ಕಾನೂನಿನಲ್ಲೇ ಇದೆ. ತಿಂಗಳ ಬೇಸಿಕ್ ಮತ್ತು ಡಿ.ಎ.ಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. ಕೊನೆಯ ತುಂಡು ವರ್ಷ ಆರು ತಿಂಗಳಿಗಿಂತ ಜಾಸ್ತಿ ಇದ್ದರೆ ಅದೂ ಒಂದು ವರ್ಷ. ಇವರದು 24 ವರ್ಷ 7 ತಿಂಗಳು ದಾಟಿದ್ದರಿಂದ 25.

31,200 ÷ 26 × 15 × 25 = 4,50,000

ಇಲ್ಲಿ ಮೂರು ತಪ್ಪು ಆಗುತ್ತವೆ, ಮೂರನ್ನೂ ಅಂಕಿ ನೋಡಿಯೇ ಹಿಡಿಯಬಹುದು. 26ರ ಬದಲು 30ರಿಂದ ಭಾಗಿಸಿದರೆ 3,90,000 ಬರುತ್ತದೆ. ವರ್ಷ 24 ಅಂತ ಹಿಡಿದರೆ 4,32,000. ಡಿ.ಎ. ಬಿಟ್ಟುಬಿಟ್ಟರೆ ಸುಮಾರು 3,17,000. ಕಂಪನಿಯ ಹಾಳೆಯಲ್ಲಿ ಇವುಗಳಲ್ಲಿ ಒಂದು ಕಂಡರೆ ತಪ್ಪು ಎಲ್ಲಾಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಬಿಡುಗಡೆಯ ದಿನಾಂಕವೂ ಇಲ್ಲಿ ಆಟ ಆಡುತ್ತದೆ. ಇವರನ್ನು ನವೆಂಬರ್ 30ಕ್ಕೇ ಬಿಟ್ಟಿದ್ದರೆ ತುಂಡು ವರ್ಷ ಆರು ತಿಂಗಳು ದಾಟುತ್ತಿರಲಿಲ್ಲ, 18,000 ರೂಪಾಯಿ ಹೋಗುತ್ತಿತ್ತು.

ಬೇಸಿಕ್ ಚಿಕ್ಕದು, ಭತ್ಯೆಯೇ ದೊಡ್ಡದು ಅನ್ನುವವರು ಒಂದು ವಿಷಯ ನೋಡಿಕೊಳ್ಳಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ, ವೇತನದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿಯಾದರೆ, ಆ ಜಾಸ್ತಿಯಾದ ಭಾಗ ವೇತನಕ್ಕೇ ಸೇರುತ್ತದೆ. ನಮ್ಮ ಅಣ್ಣನ ಭತ್ಯೆ 15,600, ಅರ್ಧ 23,400. ಹಾಗಾಗಿ ಅವರಿಗೆ ಇದರಿಂದ ವ್ಯತ್ಯಾಸ ಬರಲಿಲ್ಲ. ಅದೇ 46,800ರಲ್ಲಿ ಬೇಸಿಕ್ ಮತ್ತು ಡಿ.ಎ. ಸೇರಿ 15,000 ಮಾತ್ರ ಇರುವವರಿಗೆ ದೊಡ್ಡ ವ್ಯತ್ಯಾಸವಾಗಬಹುದು. ನಿಮ್ಮದು ಹಾಗಿದ್ದರೆ ಯಾವ ವೇತನ ಹಿಡಿದಿದ್ದೀರಿ ಅಂತ ಬರಹದಲ್ಲೇ ಕೇಳಿ.

ಈಗ ಎಕ್ಸ್‌ಗ್ರೇಷಿಯಾ. ಸುತ್ತೋಲೆಯಲ್ಲಿ ಸಂಬಳ ಅಂದರೆ ಬೇಸಿಕ್ ಮತ್ತು ಡಿ.ಎ., ದಿನಕ್ಕೆ 30ರ ಭಾಗ ಅಂತ ಇತ್ತು. ದಿನಕ್ಕೆ 1,040. 45 ದಿನಕ್ಕೆ 46,800. 24 ವರ್ಷಕ್ಕೆ 11,23,200. ಅದೇ 26ರ ಭಾಗವಾಗಿದ್ದರೆ 12,96,000 ಆಗುತ್ತಿತ್ತು. ಒಂದು ಅಂಕಿ ಬದಲಾದರೆ 1,72,800 ರೂಪಾಯಿ ವ್ಯತ್ಯಾಸ. ಉಳಿದ 60 ತಿಂಗಳ ಸಂಬಳ 18,72,000, ಆದ್ದರಿಂದ ಆ ಮಿತಿ ಇವರಿಗೆ ತಾಗಲಿಲ್ಲ. ಆದರೆ ಇನ್ನು ಎರಡೂವರೆ ವರ್ಷ ಮಾತ್ರ ಉಳಿದಿರುವ, ಇದೇ ಸಂಬಳದ ಒಬ್ಬರಿಗೆ 9,36,000ಕ್ಕೇ ನಿಲ್ಲುತ್ತದೆ. ನಿವೃತ್ತಿ ವಯಸ್ಸು 58ರ ಬದಲು 60 ಅಂತ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ ಇದ್ದರೆ ಅವರಿಗೆ ಈ ಲೆಕ್ಕವೇ ಬದಲಾಗುತ್ತದೆ.

ರಜೆ ಹಣ ಸುಲಭ. ಬಾಕಿ ಗಳಿಕೆ ರಜೆ ಎಷ್ಟು, ದಿನಕ್ಕೆ ಎಷ್ಟು. ಇವರಿಗೆ 78 ದಿನ ಅಂತ ಹೇಳಿದ್ದರು, ದಿನಕ್ಕೆ 1,040ರಂತೆ 81,120.

ಮೂರನ್ನೂ ಕೂಡಿ ನೋಡಿ: 11,23,200, 4,50,000, 81,120. ಒಟ್ಟು 16,54,320. ಗೇಟ್‌ಪಾಸ್ ಚೀಟಿಯ ಹದಿನಾರೂವರೆ ಇದೇ! ಗ್ರಾಚ್ಯುಟಿ ಬೇರೆ ಇಲ್ಲ, ಅದರೊಳಗೇ ಇದೆ. ಕ್ಯಾಲ್ಕುಲೇಟರ್ ಕೆಳಗಿಟ್ಟಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಗಳ ಮದುವೆಗೆ ಅಂತ ಮನಸ್ಸಿನಲ್ಲಿ ತೆಗೆದಿಟ್ಟಿದ್ದ ನಾಲ್ಕೂವರೆ ಲಕ್ಷ ಅದು.

ಪತ್ರ: ಒಪ್ಪಿಗೆ ಒಂದು ಕಡೆ, ಕೋರಿಕೆ ಇನ್ನೊಂದು ಕಡೆ

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಒಬ್ಬರು "ಕಂಪನಿ ಕೊಟ್ಟಷ್ಟಕ್ಕೆ ಒಪ್ಪಿದ್ದೇನೆ" ಅಂತ ಬರೆಯುತ್ತಾರೆ. ಇನ್ನೊಬ್ಬರು "ನನಗೆ 20 ಲಕ್ಷ ಕೊಟ್ಟರೆ ಮಾತ್ರ ಒಪ್ಪಿಗೆ" ಅಂತ ಬರೆಯುತ್ತಾರೆ. ಮೊದಲನೆಯವರು ಆಮೇಲೆ ಕೇಳುವ ಬಾಯಿ ಮುಚ್ಚಿಕೊಂಡರು. ಎರಡನೆಯವರದು ಕರಾರು ಕಾಯ್ದೆಯ ಪ್ರಕಾರ ಒಪ್ಪಿಗೆಯೇ ಅಲ್ಲ. ಒಪ್ಪಿಗೆಗೆ ಷರತ್ತು ಸೇರಿಸಿದರೆ ಅದು ಹೊಸ ಪ್ರಸ್ತಾಪವಾಗುತ್ತದೆ, ಕಂಪನಿ "ಅರ್ಜಿ ಸರಿಯಿಲ್ಲ" ಅಂತ ಪಕ್ಕಕ್ಕಿಡಬಹುದು. ಕೊನೆಯ ದಿನ ಹತ್ತಿರವಿದ್ದರೆ ಇದು ದುಬಾರಿ ತಪ್ಪು.

ಸಮಯ ಇದ್ದರೆ ಅರ್ಜಿ ಹಾಕುವುದಕ್ಕೆ ಮುಂಚೆಯೇ ಲೆಕ್ಕ ಕೇಳಿ ಒಂದು ಪತ್ರ ಕೊಡಿ. ಅದೇ ಒಳ್ಳೆಯದು. ಸಮಯ ಇಲ್ಲದಿದ್ದರೆ ಸುತ್ತೋಲೆಯ ಸಂಖ್ಯೆ ಹಿಡಿದು, ಅದರ ನಿಯಮಗಳ ಪ್ರಕಾರ ಒಪ್ಪಿದ್ದೇನೆ ಅನ್ನಿ. ಹಾಗಂದರೆ ನಿಯಮದ ಪ್ರಕಾರ ಬರುವುದೆಲ್ಲ ನಿಮಗೆ ಬರಬೇಕು ಅಂತಲೂ ಆಯಿತು. ಆಮೇಲೆ ಬೇರೆ ಪ್ಯಾರಾದಲ್ಲಿ ಲೆಕ್ಕ ಕೇಳಿ, ನಿಮ್ಮ ಲೆಕ್ಕವನ್ನೂ ಅದರಲ್ಲೇ ಬರೆಯಿರಿ. ನಾನು ಅವರಿಗೆ ಬರೆದುಕೊಟ್ಟದ್ದು ಹೀಗಿತ್ತು:

"ಮಾನ್ಯರೇ,

ತಮ್ಮ ಸುತ್ತೋಲೆ ಸಂಖ್ಯೆ ______, ದಿನಾಂಕ ______ರ ಸ್ವಯಂ ನಿವೃತ್ತಿ ಯೋಜನೆಯನ್ನು ಅದರ ನಿಯಮಗಳ ಪ್ರಕಾರ ಒಪ್ಪಿಕೊಂಡು ಅರ್ಜಿ ಸಲ್ಲಿಸುತ್ತಿದ್ದೇನೆ. ನಿಗದಿತ ನಮೂನೆ ಲಗತ್ತಿಸಿದೆ.

ನನಗೆ ಸಲ್ಲಬೇಕಾದ ಪ್ರತಿಯೊಂದು ಮೊತ್ತದ ಲೆಕ್ಕವನ್ನು ಬೇರೆ ಬೇರೆಯಾಗಿ, ಬರಹದಲ್ಲಿ, 7 ದಿನಗಳೊಳಗೆ ಕೊಡಬೇಕೆಂದು ಕೋರುತ್ತೇನೆ. ಪ್ರತಿ ಸಾಲಿನಲ್ಲಿ ಹಿಡಿದ ಸಂಬಳ, ಭಾಗಿಸಿದ ದಿನ, ಎಣಿಸಿದ ವರ್ಷ, ಕಡಿತ ಮತ್ತು ಪಾವತಿಯ ದಿನಾಂಕ ತೋರಿಸಬೇಕಾಗಿ ವಿನಂತಿ: ಎಕ್ಸ್‌ಗ್ರೇಷಿಯಾ, ಗ್ರಾಚ್ಯುಟಿ, ರಜೆ ನಗದೀಕರಣ, ಬಾಕಿ ಸಂಬಳ ಮತ್ತು ಬೋನಸ್, ವೇತನ ಒಪ್ಪಂದದ ಅರಿಯರ್ಸ್, ಸಾಲ ಮತ್ತು ಸೊಸೈಟಿ ಕಡಿತ, ಟಿ.ಡಿ.ಎಸ್.

ನನ್ನ ತಿಳಿವಳಿಕೆಯ ಪ್ರಕಾರ ಎಕ್ಸ್‌ಗ್ರೇಷಿಯಾ 11,23,200, ಗ್ರಾಚ್ಯುಟಿ 4,50,000 (25 ವರ್ಷ). ಇದರಲ್ಲಿ ವ್ಯತ್ಯಾಸವಿದ್ದರೆ ಕಾರಣ ತಿಳಿಸಬೇಕು.

ಈ ಕೋರಿಕೆ ಮಾಹಿತಿಗಾಗಿ ಮಾತ್ರ, ನನ್ನ ಅರ್ಜಿಗೆ ಷರತ್ತಲ್ಲ. ಕಾನೂನಿನಂತೆ ನನಗೆ ಬರಬೇಕಾದ ಯಾವ ಹಕ್ಕನ್ನೂ ನಾನು ಬಿಟ್ಟುಕೊಟ್ಟಿಲ್ಲ."

ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ಜಗಳ ಬೇಡ. ಅದೇ ದಿನ ಇಮೇಲ್ ಮಾಡಿ, ಸ್ವೀಕೃತಿ ಬರುವ ಹಾಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ.

ಲೆಕ್ಕ ಬಾರದೆ ಕಂಪನಿ ಒಪ್ಪಿಗೆಯನ್ನೂ ಕೊಡದೆ ಇದ್ದರೆ ಮನಸ್ಸು ಬದಲಿಸಬಹುದೇ? ಬ್ಯಾಂಕುಗಳ ವಿ.ಆರ್.ಎಸ್. ಬಗ್ಗೆ ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪಿದೆ, ಬ್ಯಾಂಕ್ ಆಫ್ ಇಂಡಿಯಾ ಮತ್ತು ಸ್ವರ್ಣಕಾರ್ ಪ್ರಕರಣ. ಅಲ್ಲಿ ಯೋಜನೆ ಎಂಬುದು ಆಹ್ವಾನ ಮಾತ್ರ, ನೌಕರನ ಅರ್ಜಿಯೇ ಪ್ರಸ್ತಾಪ, ಆಡಳಿತ ಒಪ್ಪುವ ಮೊದಲು ಅದನ್ನು ವಾಪಸ್ ಪಡೆಯಬಹುದು ಅಂತ ಹೇಳಿತು. ಆದರೆ ಯೋಜನೆಯ ಹಣದಲ್ಲಿ ಒಂದು ಭಾಗ ತೆಗೆದುಕೊಂಡವರಿಗೆ ಆ ದಾರಿ ಸಿಗಲಿಲ್ಲ. ನಿಮ್ಮ ಯೋಜನೆಯ ಮಾತುಗಳು ಬೇರೆ ಇರಬಹುದು, ವಾಪಸ್ ಪಡೆಯುವುದಾದರೆ ವಕೀಲರಿಗೆ ಒಮ್ಮೆ ತೋರಿಸಿ. ಕಂಪನಿಯ ಒಪ್ಪಿಗೆ ಪತ್ರ ಬಂದ ಮೇಲೆ ಓಡಾಡಿ ಪ್ರಯೋಜನ ಕಡಿಮೆ.

ಉತ್ತರ ಬಂದಾಗ ಏನು ನೋಡಬೇಕು

ನಮ್ಮ ಅಣ್ಣನಿಗೆ ಒಂಬತ್ತನೇ ದಿನಕ್ಕೆ ಮೂರು ಪುಟದ ಹಾಳೆ ಬಂತು. ಗ್ರಾಚ್ಯುಟಿ 25 ವರ್ಷಕ್ಕೇ ಹಾಕಿದ್ದರು. ಎಕ್ಸ್‌ಗ್ರೇಷಿಯಾದಲ್ಲಿ 30ರ ಭಾಗವೇ ಇತ್ತು, ಸುತ್ತೋಲೆಯಲ್ಲಿ ಹಾಗೇ ಬರೆದಿದ್ದರಿಂದ ಅದನ್ನು ಕೇಳುವಂತಿರಲಿಲ್ಲ. ತಪ್ಪು ಸಿಕ್ಕಿದ್ದು ರಜೆಯಲ್ಲಿ. ಅವರ ಡಿಸೆಂಬರ್ ಪೇ ಸ್ಲಿಪ್ಪಿನ ಕೆಳಗೆ ಚಿಕ್ಕ ಅಕ್ಷರದಲ್ಲಿ 91 ದಿನ ಅಂತಿತ್ತು, ಹಾಳೆಯಲ್ಲಿ 78. ಸ್ಲಿಪ್ ತೋರಿಸಿದ ಕೂಡಲೇ ಸರಿಮಾಡಿದರು. ಹದಿಮೂರು ದಿನಕ್ಕೆ 13,520. ಪೇ ಸ್ಲಿಪ್ಪನ್ನು ತಿಂಡಿ ಪೊಟ್ಟಣ ಕಟ್ಟಲು ಬಳಸುವವರು ಇದನ್ನು ಗಮನಿಸಿ.

ಟಿ.ಡಿ.ಎಸ್. ಸಾಲಿನಲ್ಲೂ ಗಲಾಟೆ ಇತ್ತು. ಆದಾಯ ತೆರಿಗೆಯಲ್ಲಿ ವಿ.ಆರ್.ಎಸ್. ಪರಿಹಾರಕ್ಕೆ 5 ಲಕ್ಷದವರೆಗೆ ವಿನಾಯಿತಿ ಇದೆ, ಜೀವನದಲ್ಲಿ ಒಂದೇ ಸಲ. ಅದು ಸಿಗಬೇಕಾದರೆ ಕಂಪನಿಯ ಯೋಜನೆಯೇ ತೆರಿಗೆ ನಿಯಮಕ್ಕೆ ಸರಿಹೊಂದಬೇಕು: ಹತ್ತು ವರ್ಷ ಸೇವೆಯಾದವರಿಗೆ ಅಥವಾ ನಲವತ್ತು ದಾಟಿದವರಿಗೆ ಇರಬೇಕು, ಖಾಲಿಯಾದ ಜಾಗ ತುಂಬಬಾರದು, ಹೀಗೆ. ಆದ್ದರಿಂದ "ಯೋಜನೆ ಆದಾಯ ತೆರಿಗೆ ನಿಯಮಕ್ಕೆ ಅನುಗುಣವಾಗಿದೆಯೇ" ಅಂತ ಒಂದು ಸಾಲು ಕೇಳುವುದು ಸರಿ. ಇವರ ಹಾಳೆಯಲ್ಲಿ ಆ 5 ಲಕ್ಷ ಕಳೆಯದೇ ತೆರಿಗೆ ಹಾಕಿದ್ದರು. ಕಳೆದರೆ ಎಕ್ಸ್‌ಗ್ರೇಷಿಯಾದಲ್ಲಿ ತೆರಿಗೆಗೆ ಬರುವುದು 6,23,200. ಹತ್ತು ತಿಂಗಳ ಸಂಬಳ 4,68,000 ಸೇರಿಸಿ, 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದರೆ 10,16,200. 2025-26ರಲ್ಲಿ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇರುವುದರಿಂದ ಅವರಿಗೆ ತೆರಿಗೆಯೇ ಬರುವುದಿಲ್ಲ. ಗ್ರಾಚ್ಯುಟಿಗೆ 20 ಲಕ್ಷ, ರಜೆ ಹಣಕ್ಕೆ 25 ಲಕ್ಷದವರೆಗೆ ಬೇರೆಯೇ ವಿನಾಯಿತಿಯಿದೆ. ಅವುಗಳಿಗೂ ಒಳಮಿತಿಗಳಿವೆ, ಆದರೆ ಇವರ ಮೊತ್ತಕ್ಕೆ ಅವು ತಾಗಲಿಲ್ಲ.

ಗ್ರಾಚ್ಯುಟಿಯ ಲೆಕ್ಕವನ್ನು ಬರಹದಲ್ಲಿ ಕೊಡುವುದು ಕಂಪನಿಯ ದಾಕ್ಷಿಣ್ಯ ಅಂದುಕೊಳ್ಳಬೇಡಿ. ನೌಕರ ಅರ್ಜಿ ಹಾಕಲಿ ಬಿಡಲಿ, ಮೊತ್ತ ಲೆಕ್ಕಹಾಕಿ ಅವನಿಗೂ ಅಧಿಕಾರಿಗೂ ಬರಹದಲ್ಲಿ ತಿಳಿಸಬೇಕು, 30 ದಿನದೊಳಗೆ ಕೊಡಬೇಕು ಅಂತ 1972ರ ಕಾಯ್ದೆಯಲ್ಲೇ ಇತ್ತು, ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ತಡವಾದರೆ ಬಡ್ಡಿ ಸಹಿತ. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ದೂರು ಕೊಡಬಹುದು. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಯಾರ ಹತ್ತಿರ ಹೋಗಬೇಕು ಅಂತ ಹೇಳುತ್ತಾರೆ. ಸೀಲು ಹಾಕಿಸಿದ ನಿಮ್ಮ ಪ್ರತಿ ಅಲ್ಲಿ ಕೆಲಸಕ್ಕೆ ಬರುತ್ತದೆ.

ಪಿ.ಎಫ್. ಹಣ ಕಂಪನಿಯ ಹಾಳೆಯಲ್ಲಿ ಇರುವುದಿಲ್ಲ, ಅದನ್ನು ನಿಮ್ಮ ಪಾಸ್‌ಬುಕ್‌ನಲ್ಲಿ ನೋಡಿ. ಆದರೆ ಕಂಪನಿ ಮಾಡಬೇಕಾದ ಒಂದು ಕೆಲಸವಿದೆ. ಪೋರ್ಟಲ್‌ನಲ್ಲಿ ನೀವು ಬಿಟ್ಟ ದಿನಾಂಕವನ್ನೂ ಕಾರಣವನ್ನೂ ಹಾಕಬೇಕು. ಕಾರಣ ಸುಮ್ನೆ "ರಾಜೀನಾಮೆ" ಅಂತ ಹಾಕಿಬಿಟ್ಟರೆ ಪೂರ್ತಿ ಹಣ ತೆಗೆಯಲು ಕಾಯಬೇಕಾಗುತ್ತದೆ. ಸ್ವಯಂ ನಿವೃತ್ತಿಗೆ ನಿಯಮ ಬೇರೆ. ಪಿಂಚಣಿಗೆ ಹತ್ತು ವರ್ಷ ಸೇವೆಯಾಗಿದ್ದರೆ 50ರ ನಂತರ ತೆಗೆದುಕೊಳ್ಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಮುಂಚೆಯೋ ವರ್ಷಕ್ಕೆ 4%ರಂತೆ ಕಡಿಮೆಯಾಗುತ್ತದೆ. ಆ ಕಡಿತ ಜೀವನಪೂರ್ತಿ. ಕೈಯಲ್ಲಿ ಹಣವಿದ್ದರೆ ಕಾಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಕೊನೆಯ ಕಾಗದ

ಚೆಕ್ ಕೊಡುವ ದಿನ ಒಂದು ರಸೀದಿಗೆ ಸಹಿ ಕೇಳುತ್ತಾರೆ. "ಸಂಪೂರ್ಣ ಮತ್ತು ಅಂತಿಮವಾಗಿ ಪಡೆದಿದ್ದೇನೆ, ಇನ್ನು ಯಾವ ಬಾಕಿಯೂ ಇಲ್ಲ" ಅಂತ ಅದರಲ್ಲಿರುತ್ತದೆ. ಕ್ಯೂನಲ್ಲಿ ನಿಂತವರು ಓದದೆ ಸಹಿ ಹಾಕುತ್ತಾರೆ.

ಇಲ್ಲಿ ಒಂದು ವಿಷಯಕ್ಕೆ ತುಂಬ ಹುಷಾರಾಗಿರಬೇಕು, ಅದು ಬಾಕಿ ಇರುವ ವೇತನ ಒಪ್ಪಂದ. ಯೂನಿಯನ್ ಮತ್ತು ಆಡಳಿತದ ಮಾತುಕತೆ ಮುಗಿಯದೆ ವರ್ಷಗಟ್ಟಲೆ ಎಳೆದಿರುತ್ತದೆ. ನೀವು ವಿ.ಆರ್.ಎಸ್. ತೆಗೆದುಕೊಂಡ ಆರು ತಿಂಗಳಿಗೆ ಸಹಿಯಾಗಿ, ಹಿಂದಿನ ದಿನಾಂಕದಿಂದ ಸಂಬಳ ಏರುತ್ತದೆ. ನಿಮಗೆ ಅರಿಯರ್ಸ್ ಸಿಗುತ್ತದೆಯೇ? ಎ.ಕೆ. ಬಿಂದಾಲ್ ಪ್ರಕರಣದಲ್ಲಿ, ಅದು 2003ರದ್ದು, ವಿ.ಆರ್.ಎಸ್. ಹಣ ಪಡೆದು ಹೊರಬಂದ ಮೇಲೆ ಹಿಂದಿನ ವೇತನ ಪರಿಷ್ಕರಣೆಯ ಹಕ್ಕನ್ನು ಎತ್ತುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಅರಿಯರ್ಸ್ ಕೊಡುತ್ತೇವೆ ಅಂತ ಸುತ್ತೋಲೆಯಲ್ಲಾಗಲಿ ಪತ್ರದಲ್ಲಾಗಲಿ ಬರೆದುಕೊಡದಿದ್ದರೆ, ಸಿಗುವುದಿಲ್ಲ ಅಂತಲೇ ಲೆಕ್ಕ ಹಾಕಿ ತೀರ್ಮಾನ ಮಾಡಿ. ಪತ್ರದ ಪಟ್ಟಿಯಲ್ಲಿ ಅರಿಯರ್ಸ್ ಅನ್ನುವ ಪದ ಸೇರಿಸಿದ್ದು ಇದಕ್ಕೇ.

ರಸೀದಿಯ ಮೊತ್ತ ಲೆಕ್ಕದ ಹಾಳೆಗೆ ಸರಿಯಿಲ್ಲದಿದ್ದರೆ ಸಹಿಯ ಮೇಲೆ "ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ, ವ್ಯತ್ಯಾಸ ಇಷ್ಟು" ಅಂತ ಕೈಯಲ್ಲೇ ಬರೆದು, ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹಾಗೆ ಬರೆಯಲು ಬಿಡದಿದ್ದರೆ ಅದೇ ದಿನ ಇಮೇಲ್‌ನಲ್ಲಿ ಬರೆದು ಕಳಿಸಿ.

ನಮ್ಮ ಅಣ್ಣ ಜನವರಿ 31ಕ್ಕೆ ಬಿಡುಗಡೆಯಾದರು. ಹಾಳೆಯ ಕೊನೆಯ ಮೊತ್ತ 16,67,840. ಅರಿಯರ್ಸ್ ಮುಂದೆ "ಅನ್ವಯಿಸುವುದಿಲ್ಲ" ಅಂತ ಬರೆದಿದ್ದರು. ಅದನ್ನು ಓದಿ ಎರಡು ರಾತ್ರಿ ಯೋಚನೆ ಮಾಡಿ, ಮನೆಯವರ ಜೊತೆ ಮಾತಾಡಿ, ಆಮೇಲೆ ಸಹಿ ಹಾಕಿದರು. ಮದುವೆಯ ಛತ್ರ ಮಾತ್ರ ಚಿಕ್ಕದಕ್ಕೆ ಬದಲಾಯಿಸಿದ್ದಾರೆ. ಆ ಗೇಟ್‌ಪಾಸ್ ಚೀಟಿಯನ್ನು ಲೆಕ್ಕದ ಹಾಳೆಗೇ ಪಿನ್ ಮಾಡಿ ಫೈಲಿನಲ್ಲಿ ಇಟ್ಟುಕೊಂಡಿದ್ದಾರೆ.